ಐದನೇ ಕೋಡಾನ್‌ಗೇ ಸ್ಟಾಪ್ ಬಂತು, ನಾನು ತಪ್ಪಿದ್ದು ಎಲ್ಲಿ?

ಕಾಪು ಕಡಲು
ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಎರಡನೇ ವರ್ಷ, ಉಡುಪಿ ಕಡೆಯ ಒಂದು ಕಾಲೇಜು. ಇಂಟರ್ನಲ್‌ನಲ್ಲಿ ಐದು ಅಂಕದ ಪ್ರಶ್ನೆ ಬಂದಿತ್ತು. ಬೀಟಾ ಗ್ಲೋಬಿನ್ ಜೀನಿನ ಶುರುವಿನ ತುಂಡು ಕೊಟ್ಟು, ಎಂಆರ್‌ಎನ್‌ಎ ಬರೆದು ಆಮೇಲೆ ಟ್ರಾನ್ಸ್‌ಲೇಷನ್ ಮಾಡಿ ಪ್ರೋಟೀನ್ ಬರೆಯಿರಿ ಅಂತ ಕೇಳಿದ್ದರು.

```
5'-ATG GTG CAT CTG ACT CCT GAG GAG AAG-3'
```

ಡಿಎನ್‌ಎಯಲ್ಲಿ A ಇದ್ದರೆ ಆರ್‌ಎನ್‌ಎಯಲ್ಲಿ U, T ಇದ್ದರೆ A, G ಇದ್ದರೆ C, ಹೀಗೆ ಜೋಡಿ ಹಾಕುತ್ತಾ ಹೋದೆ.

```
UAC CAC GUA GAC UGA GGA CUC CUC UUC
```

ಟೇಬಲ್ ನೋಡಿದರೆ ಟೈರೋಸಿನ್, ಹಿಸ್ಟಿಡಿನ್, ವ್ಯಾಲಿನ್, ಆಸ್ಪಾರ್ಟಿಕ್ ಆಸಿಡ್, ಆಮೇಲೆ ಸ್ಟಾಪ್! ನಾಲ್ಕೇ ಅಮೈನೋ ಆಸಿಡ್‌ನ ಪ್ರೋಟೀನ್. ಒಂದು ಅಂಕ ಸಿಕ್ಕಿತು, ಅದೂ ಪಾಪ ಅಂತ ಕೊಟ್ಟದ್ದಿರಬೇಕು. ಜೋಡಿ ಹಾಕಿದ್ದರಲ್ಲಿ ಒಂದೂ ತಪ್ಪಿಲ್ಲ, ನಾಲ್ಕು ಸಲ ನೋಡಿದೆ. ಹಾಗಾದರೆ ತಪ್ಪು ಎಲ್ಲಿ?

ಅನುವಾದ ಭಟ್
ಟ್ರಾನ್ಸ್‌ಲೇಷನ್ ಬೇಕಿದ್ದರೆ ನಾನು ಮಾಡಿಕೊಡ್ತೇನೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಪುಟದ ಲೆಕ್ಕ. ಸೈನ್ಸ್ ಆದರೆ ಸ್ವಲ್ಪ ಜಾಸ್ತಿ ಆಗ್ತದೆ.

ಪೈಪೆಟ್
ಭಟ್ರೇ, ಇದು ಬೇರೆ ಟ್ರಾನ್ಸ್‌ಲೇಷನ್ ಮಾರ್ರೆ.

ಬಯೋ ಹುಡುಗ
ಸುಲಭ ಉಂಟು. ನೀವು ಎರಡು ಸಲ ತಿರುಗಿಸಬೇಕಿತ್ತು, ಒಂದೇ ಸಲ ತಿರುಗಿಸಿದ್ದೀರಿ. ನನ್ನ ಟ್ರಿಕ್ ಇದು: T ಇದ್ದಲ್ಲೆಲ್ಲ U ಹಾಕಿ, ಮುಗೀತು. ಜೋಡಿಗೀಡಿ ಎಂತದೂ ಬೇಡ. ಯಾವಾಗಲೂ ಸರಿ ಬರ್ತದೆ.

ನಿವೃತ್ತ ಮೇಷ್ಟ್ರು
ಹುಡುಗ ಹೇಳಿದ ಉತ್ತರ ಇಲ್ಲಿಗೆ ಸರಿ. "ಯಾವಾಗಲೂ" ಅನ್ನುವುದು ತಪ್ಪು.

ಕಾಪು ಕಡಲು, ನಿನ್ನ ಜೋಡಿ ಸರಿಯಾಗಿಯೇ ಇದೆ. ಹಾಕಬೇಕಾದ ಎಳೆ ಅದಲ್ಲ. ಡಿಎನ್‌ಎಗೆ ಎರಡು ಎಳೆ ಇರುತ್ತದಲ್ಲ, ಪ್ರಶ್ನೆಯಲ್ಲಿ ಕೊಟ್ಟದ್ದು ಕೋಡಿಂಗ್ ಎಳೆ. ಆರ್‌ಎನ್‌ಎ ಪಾಲಿಮರೇಸ್ ಓದುವುದು ಅದರ ಎದುರಿನ ಟೆಂಪ್ಲೇಟ್ ಎಳೆಯನ್ನು. ಮೂರನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡು.

```
ಕೋಡಿಂಗ್     5'-ATG GTG CAT CTG ACT CCT GAG GAG AAG-3'
ಟೆಂಪ್ಲೇಟ್    3'-TAC CAC GTA GAC TGA GGA CTC CTC TTC-5'
ಎಂಆರ್‌ಎನ್‌ಎ   5'-AUG GUG CAU CUG ACU CCU GAG GAG AAG-3'
```

ಪಾಲಿಮರೇಸ್ ಮಧ್ಯದ ಸಾಲಿನ ಮೇಲೆ 3' ಕಡೆಯಿಂದ 5' ಕಡೆಗೆ ಸಾಗುತ್ತದೆ. ಅದಕ್ಕೆ ಜೋಡಿ ಹಾಕುತ್ತಾ ಆರ್‌ಎನ್‌ಎಯನ್ನು 5' ಇಂದ 3' ಕಡೆಗೆ ಕಟ್ಟುತ್ತದೆ. ಹಾಗಾಗಿ ಆರ್‌ಎನ್‌ಎ ನೋಡಲಿಕ್ಕೆ ಕೋಡಿಂಗ್ ಎಳೆಯ ಹಾಗೆಯೇ ಇರುತ್ತದೆ, T ಬದಲು U ಅಷ್ಟೇ. ಈಗ ಓದು: ಮೆಥಿಯೊನಿನ್, ವ್ಯಾಲಿನ್, ಹಿಸ್ಟಿಡಿನ್, ಲ್ಯೂಸಿನ್, ಥ್ರಿಯೊನಿನ್, ಪ್ರೊಲಿನ್, ಗ್ಲುಟಾಮಿಕ್ ಆಸಿಡ್, ಇನ್ನೊಂದು ಗ್ಲುಟಾಮಿಕ್ ಆಸಿಡ್, ಲೈಸಿನ್.

ನಿನ್ನ ಉತ್ತರ ತಪ್ಪು ಅನ್ನಲಿಕ್ಕೆ ಪರೀಕ್ಷೆಯ ಕೋಣೆಯಲ್ಲೇ ಎರಡು ಸುಳಿವು ಸಿಕ್ಕಿದ್ದವು. ಜೀನಿನ ಶುರುವಿನ ಭಾಗ ಅಂದಿದ್ದಾರೆ, ಆದರೆ ನಿನ್ನ ಸಾಲು AUG ಇಂದ ಶುರುವಾಗಲಿಲ್ಲ. ಎರಡನೆಯದು, ಐದನೇ ಕೋಡಾನ್‌ಗೇ ಸ್ಟಾಪ್. ಬೀಟಾ ಗ್ಲೋಬಿನ್‌ನಲ್ಲಿ 146 ಅಮೈನೋ ಆಸಿಡ್ ಉಂಟು. ನಾಲ್ಕಕ್ಕೇ ನಿಂತರೆ ಪೆನ್ನು ಕೆಳಗಿಟ್ಟು ಮತ್ತೆ ನೋಡಬೇಕು.

ಹಂಚಿನ ಮನೆ
ನಮ್ಮ ಹಳೇ ಮನೆಯ ಮಂಗಳೂರು ಹಂಚಿನ ಹಿಂದೆ ಕಾರ್ಖಾನೆಯ ಹೆಸರು ಒತ್ತಿದ್ದಾರೆ, ಸರಿಯಾಗಿ ಓದ್ಲಿಕ್ಕೆ ಆಗ್ತದೆ. ಅದನ್ನು ಒತ್ತಿದ ಅಚ್ಚಿನಲ್ಲಿ ಅಕ್ಷರ ಉಲ್ಟಾ ಇರಬೇಕಲ್ವಾ? ಟೆಂಪ್ಲೇಟ್ ಅಂದರೆ ಅಚ್ಚು, ಆರ್‌ಎನ್‌ಎ ಅಂದರೆ ಹಂಚು. ಕಾಪು ಕಡಲು ಹಂಚನ್ನೇ ಅಚ್ಚು ಅಂದುಕೊಂಡು ಮಣ್ಣು ಒತ್ತಿದ್ದಾರೆ, ಅದಕ್ಕೆ ಉಲ್ಟಾ ಬಂದಿದೆ.

ಕಾಪು ಕಡಲು
ಅಯ್ಯೋ, ಇದು ತಲೆಗೆ ಹೋಯಿತು!

ಪೈಪೆಟ್
ಹೋಲಿಕೆ ಚೆಂದ ಉಂಟು, ಆದರೆ ಅರ್ಧ ದಾರಿಯವರೆಗೆ ಮಾತ್ರ. ಅಚ್ಚಿನಲ್ಲಿ ಅದೇ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಇರ್ತದೆ. ಟೆಂಪ್ಲೇಟ್‌ನಲ್ಲಿ ಅಕ್ಷರವೇ ಬೇರೆ, ದಿಕ್ಕೂ ಬೇರೆ. ಎರಡನ್ನೂ ನೆನಪಿಟ್ಟುಕೊಳ್ಳದಿದ್ದರೆ ಕಂಪ್ಯೂಟರ್ ಮುಂದೆ ಕೂತಾಗ ಸಿಕ್ಕಿಹಾಕಿಕೊಳ್ತೀರಿ.

ನನ್ನದೇ ಕಥೆ ಹೇಳ್ತೇನೆ. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಜೀನೋಮ್ ಬ್ರೌಸರ್ ತೆರೆದು `HBB` ಹುಡುಕಿದೆ. ಹನ್ನೊಂದನೇ ಕ್ರೋಮೋಸೋಮ್ ಬಂತು. ಸ್ಕ್ರೀನ್ ಮೇಲೆ ಈ ಸಾಲು ಇತ್ತು:

```
CTCCTCAGGAGTCAGATGCACCAT
```

ಮಧ್ಯದಲ್ಲಿ ATG ಕಾಣ್ತದೆ ನೋಡಿ. ಓಹೋ ಇಲ್ಲಿಂದ ಶುರು ಅಂತ ಮೆಥಿಯೊನಿನ್, ಹಿಸ್ಟಿಡಿನ್, ಹಿಸ್ಟಿಡಿನ್ ಬರೆದುಕೊಂಡು ಗೈಡ್ ಹತ್ತಿರ ಹೋದೆ. ಅವರು ನಕ್ಕರು. ಈ ಜೀನು ಕುಳಿತಿರುವುದು ಮೈನಸ್ ಎಳೆಯ ಮೇಲೆ, ಬ್ರೌಸರ್ ತೋರಿಸುವುದು ಪ್ಲಸ್ ಎಳೆ. ಆ ಸಾಲನ್ನು ಬಲದಿಂದ ಎಡಕ್ಕೆ ಓದುತ್ತಾ ಜೋಡಿ ಹಾಕಿ. ಕೊನೆಯ CAT ನಿಜವಾದ ATG ಆಗ್ತದೆ. ಆ ಮಧ್ಯದ ATG ಸುಮ್ನೆ ಆಕಸ್ಮಿಕ, ಹಿಸ್ಟಿಡಿನ್‌ನ CAT ಕೋಡಾನ್ ಎದುರಿನ ಎಳೆಯಲ್ಲಿ ಹಾಗೆ ಉಲ್ಟಾ ಕಾಣ್ತದೆ ಅಷ್ಟೇ.

ಹುಡುಗಾ, ನಿನ್ನ T ಬದಲು U ಟ್ರಿಕ್ ಇಲ್ಲಿ ಹಾಕಿ ನೋಡು ಎಂತ ಬರ್ತದೆ ಅಂತ.

ಬಯೋ ಹುಡುಗ
ಆಯ್ತು ಅಣ್ಣ, "ಯಾವಾಗಲೂ" ವಾಪಸ್ ತೆಗೊಂಡೆ. ಆದರೆ ಯಾವ ಎಳೆಯಿಂದ ಆರ್‌ಎನ್‌ಎ ಮಾಡಬೇಕು ಅಂತ ಪಾಲಿಮರೇಸ್‌ಗೆ ಹೇಗೆ ಗೊತ್ತಾಗ್ತದೆ? ಅದು ATG ಹುಡುಕಿಕೊಂಡು ಹೋಗ್ತದಾ?

ನಿವೃತ್ತ ಮೇಷ್ಟ್ರು
ಇಲ್ಲ ಮಗಾ, ಪಾಲಿಮರೇಸ್‌ಗೆ ATG ಅಂದರೆ ಏನೂ ಅಲ್ಲ. ಅದಕ್ಕೆ ಬೇಕಾದದ್ದು ಜೀನಿನ ಮುಂದಿರುವ ಪ್ರೊಮೋಟರ್. ಪ್ರೊಮೋಟರ್‌ಗೆ ಮುಖ ಒಂದು ಕಡೆ ಇರುತ್ತದೆ. ಅದರ ಮೇಲೆ ಕೂರುವ ಪ್ರೋಟೀನ್‌ಗಳು ಪಾಲಿಮರೇಸನ್ನು ಆ ಕಡೆಗೇ ಮುಖ ಮಾಡಿ ಕೂರಿಸುತ್ತವೆ. ಆ ದಿಕ್ಕಿಗೆ ಹೊರಟರೆ ಯಾವ ಎಳೆ ಟೆಂಪ್ಲೇಟ್ ಆಗುತ್ತದೋ ಅದೇ ಟೆಂಪ್ಲೇಟ್. ಪಕ್ಕದ ಜೀನಿಗೆ ಇನ್ನೊಂದು ಎಳೆ ಟೆಂಪ್ಲೇಟ್ ಆಗಬಹುದು.

ಮಕ್ಕಳು ಜಾಸ್ತಿ ತಪ್ಪುವ ಜಾಗ ಇನ್ನೊಂದುಂಟು. ಟ್ರಾನ್ಸ್‌ಕ್ರಿಪ್ಷನ್ ATGಯಿಂದ ಶುರುವಾಗುವುದೇ ಇಲ್ಲ. ಬೀಟಾ ಗ್ಲೋಬಿನ್‌ನಲ್ಲಿ ಆರ್‌ಎನ್‌ಎ ಶುರುವಾದ ಮೇಲೆ 50 ಅಕ್ಷರ ಕಳೆದು AUG ಬರುತ್ತದೆ. ಆ 50 ಅಕ್ಷರ ಪ್ರೋಟೀನ್ ಆಗುವುದಿಲ್ಲ. ರೈಬೋಸೋಮಿನ ಚಿಕ್ಕ ಭಾಗ ಆರ್‌ಎನ್‌ಎಯ 5' ತುದಿಯ ಟೊಪ್ಪಿಯ ಹತ್ತಿರ ಹತ್ತಿ, ತಡವುತ್ತಾ ಮುಂದೆ ಬಂದು, AUG ಸಿಕ್ಕಾಗ ನಿಲ್ಲುತ್ತದೆ. ಆಮೇಲೆ ದೊಡ್ಡ ಭಾಗ ಬಂದು ಕೂಡಿಕೊಳ್ಳುತ್ತದೆ. AUG ಬೇಕಾಗಿರುವುದು ರೈಬೋಸೋಮಿಗೆ.

ಅನುವಾದ ಭಟ್
ಈಗ ಸ್ವಲ್ಪ ಅರ್ಥ ಆಯ್ತು. ನಾವು ತುಳುವನ್ನು ಕನ್ನಡ ಲಿಪಿಯಲ್ಲಿ ಬರೀತೇವೆ. ಭಾಷೆ ಅದೇ, ಬರೆದ ರೂಪ ಬೇರೆ. ಅದು ನಿಮ್ಮ ಟ್ರಾನ್ಸ್‌ಕ್ರಿಪ್ಷನ್. ಆ ತುಳುವನ್ನು ಕನ್ನಡಕ್ಕೆ ತಂದರೆ ಟ್ರಾನ್ಸ್‌ಲೇಷನ್. ಹೌದಲ್ಲ?

ಪೈಪೆಟ್
ಭಟ್ರು ಪಾಸ್. ಡಿಎನ್‌ಎ, ಆರ್‌ಎನ್‌ಎ ಎರಡೂ ನ್ಯೂಕ್ಲಿಯೊಟೈಡ್ ಭಾಷೆ. ಪ್ರೋಟೀನ್‌ದು ಅಮೈನೋ ಆಸಿಡ್ ಭಾಷೆ, ಅಲ್ಲಿ ನಿಘಂಟು ಬೇಕಾಗ್ತದೆ.

ಹಂಚಿನ ಮನೆ
ತುಳುವಿಗೆ ಅದರದ್ದೇ ಲಿಪಿ ಉಂಟು ಭಟ್ರೇ, ಅದನ್ನು ಮರೀಬೇಡಿ.

ಅನುವಾದ ಭಟ್
ಶುರು ಆಯ್ತು. ಅದಕ್ಕೆ ಬೇರೆ ಕಡೆ ಮಾತಾಡುವ.

ಮಲ್ಪೆಯ ಅಮ್ಮ
ನಾನು ಸ್ಟೂಡೆಂಟ್ ಅಲ್ಲ, ನಡುವೆ ಬಂದದ್ದಕ್ಕೆ ಬೇಜಾರು ಮಾಡಬೇಡಿ. ಬೀಟಾ ಗ್ಲೋಬಿನ್ ಅಂತ ಕಂಡಿತು, ಅದಕ್ಕೆ ಕೇಳ್ತಿದ್ದೇನೆ. ಮಗಳಿಗೆ ಮದುವೆ ಮಾತುಕತೆ ನಡೀತಿದೆ. ಹಿಮೋಗ್ಲೋಬಿನ್ ಯಾವಾಗಲೂ ಸ್ವಲ್ಪ ಕಮ್ಮಿ. ಕಬ್ಬಿಣದ ಮಾತ್ರೆ ತಿಂದು ತಿಂದು ಸಾಕಾಯ್ತು, ಏರಲೇ ಇಲ್ಲ. ಈಗ ಹೊಸ ಟೆಸ್ಟ್ ಮಾಡಿಸಿದೆವು. ತಲಸ್ಸೇಮಿಯಾ ಟ್ರೇಟ್ ಅಂತ ಬಂದಿದೆ, ಜೊತೆಗೆ `HBB:c.92+5G>C` ಅಂತ ಬರೆದಿದ್ದಾರೆ. ಇದು ಫೋನ್ ನಂಬರಿನ ಹಾಗೆ ಕಾಣ್ತದೆ. ಎಂತ ಅದು?

ಬಯೋ ಹುಡುಗ
ಆಂಟಿ, ಹೆದರಬೇಡಿ. + ಅಂತ ಇದ್ದರೆ ಅದು ಇಂಟ್ರಾನ್‌ನಲ್ಲಿದೆ ಅಂತ ಅರ್ಥ. ಇಂಟ್ರಾನ್ ಅಂದರೆ ಕತ್ತರಿಸಿ ಬಿಸಾಡುವ ಭಾಗ. ಅಲ್ಲಿ ಏನು ಬದಲಾದರೂ ಪ್ರೋಟೀನಿಗೆ ಏನೂ ಆಗುವುದಿಲ್ಲ.

ನಿವೃತ್ತ ಮೇಷ್ಟ್ರು
ಹುಡುಗಾ, ಗೊತ್ತಿಲ್ಲದೆ ಇಂಥದ್ದನ್ನು ಹೇಳಬಾರದು. ಇದು ಒಬ್ಬರ ಮನೆಯ ವಿಷಯ.

ಅಮ್ಮಾ, ಆ ಬರಹ ಒಂದು ವಿಳಾಸ ಇದ್ದ ಹಾಗೆ. ATGಯ Aಯಿಂದ ಎಣಿಸುತ್ತಾ ಹೋದರೆ ಜೀನಿನ ಮೊದಲ ತುಂಡು, ಅಂದರೆ ಮೊದಲ ಎಕ್ಸಾನ್, 92ನೇ ಅಕ್ಷರಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದಿನ ಇಂಟ್ರಾನಿನೊಳಗೆ ಐದು ಹೆಜ್ಜೆ ಇಟ್ಟರೆ ಸಿಗುವ ಅಕ್ಷರ G ಇರಬೇಕಿತ್ತು, C ಆಗಿದೆ. ವಿಳಾಸ ಹೇಳುವುದು ಇಷ್ಟೇ.

```
ಸರಿಯಾದದ್ದು    ...GGGCAG|GTTGGTATC...
ಬದಲಾದದ್ದು    ...GGGCAG|GTTGCTATC...
```

ಗೀಟು ಇರುವಲ್ಲಿ ಕತ್ತರಿ ಬೀಳಬೇಕು. ಟ್ರಾನ್ಸ್‌ಕ್ರಿಪ್ಷನ್ ಆಗುವಾಗ ಇಂಟ್ರಾನೂ ಸೇರಿ ಪೂರ್ತಿ ನಕಲು ಆಗುತ್ತದೆ. ಆಮೇಲೆ ಸ್ಪ್ಲೈಸಿಂಗ್ ಯಂತ್ರ ಬಂದು ಇಂಟ್ರಾನ್ ಕತ್ತರಿಸಿ, ಎಕ್ಸಾನ್‌ಗಳನ್ನು ಹೊಲಿಯುತ್ತದೆ. ಎಲ್ಲಿ ಕತ್ತರಿಸಬೇಕು ಅನ್ನುವ ಗುರುತು ಇರುವುದು ಹೆಚ್ಚಾಗಿ ಇಂಟ್ರಾನಿನ ತುದಿಯಲ್ಲೇ. ಮೊದಲ ಎರಡು ಅಕ್ಷರ GT ಇರಲೇಬೇಕು, ಐದನೆಯ G ಇದ್ದರೆ ಹಿಡಿತ ಗಟ್ಟಿ. ಅದು C ಆದಾಗ ಯಂತ್ರ ತಡವರಿಸುತ್ತದೆ. ಕೆಲವು ಸಲ ಸರಿಯಾದ ಜಾಗದಲ್ಲೇ ಕತ್ತರಿಸುತ್ತದೆ, ಹೆಚ್ಚಿನ ಸಲ ಹತ್ತಿರದ ಇನ್ನೊಂದು GT ನೋಡಿ ಅಲ್ಲಿ ಕತ್ತರಿ ಹಾಕುತ್ತದೆ. ತಪ್ಪಾಗಿ ಹೊಲಿದ ಆರ್‌ಎನ್‌ಎಯಿಂದ ಸರಿಯಾದ ಗ್ಲೋಬಿನ್ ಬರುವುದಿಲ್ಲ. ಬಿಸಾಡುವ ಬಟ್ಟೆ ಅಂತ ಅದರ ಮೇಲಿನ ಚಾಕ್ ಗುರುತನ್ನು ಅಳಿಸಿದರೆ ಟೈಲರ್ ಎಂತ ಮಾಡಿಯಾನು?

ನಮ್ಮ ದೇಶದಲ್ಲಿ ಬೀಟಾ ತಲಸ್ಸೇಮಿಯಾಕ್ಕೆ ಕಾರಣ ಆಗುವ ಬದಲಾವಣೆಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ನಿಮ್ಮ ಮಗಳಿಗೆ ಒಂದು ಪ್ರತಿ ಹೀಗಿದೆ, ಇನ್ನೊಂದು ಸರಿಯಿದೆ. ಟ್ರೇಟ್ ಅಂದರೆ ಅದು. ಅವಳು ಆರೋಗ್ಯವಾಗಿ ಇರಬಹುದು. ಹುಡುಗನಿಗೂ ಟ್ರೇಟ್ ಇದ್ದರೆ ಮಾತ್ರ ಪ್ರತಿ ಬಸುರಿಯಲ್ಲೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಎರಡೂ ಪ್ರತಿ ಕೆಟ್ಟದ್ದು ಬರುವ ಸಾಧ್ಯತೆ ಉಂಟು. ಅದಕ್ಕೆ ಹುಡುಗನ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ಇದೆಯೋ ಅಂತ ಟೆಸ್ಟ್ ಮಾಡಿಸದೆ ಮಾತ್ರೆ ಮುಂದುವರಿಸಬೇಡಿ, ಡಾಕ್ಟರ್ ಹತ್ತಿರ ಕೇಳಿ.

ಮಲ್ಪೆಯ ಅಮ್ಮ
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಸರ್. ಹುಡುಗನ ಮನೆಯವರ ಹತ್ತಿರ ಹೇಗೆ ಕೇಳುವುದು ಅಂತ ಈಗ ಬೇರೆ ಚಿಂತೆ.

ಬಯೋ ಹುಡುಗ
ಸಾರಿ ಆಂಟಿ. ನೋಟ್ಸ್‌ನಲ್ಲಿ ಇಂಟ್ರಾನ್‌ನ್ನು ಕಸ ಅಂತ ಬರೆದಿತ್ತು, ಅದನ್ನೇ ಹೇಳಿಬಿಟ್ಟೆ.

ನೀಲಿ ಸ್ಲೈಡ್
ನಾನು ಲ್ಯಾಬ್ ಟೆಕ್ನಿಷಿಯನ್, ಉಡುಪಿ. ಪುಸ್ತಕದ ಜ್ಞಾನ ಕಮ್ಮಿ, ಆದರೆ ಕಣ್ಣಿಂದ ನೋಡಿದ್ದು ಒಂದು ಹೇಳ್ತೇನೆ.

ರೆಟಿಕ್ಯುಲೋಸೈಟ್ ಎಣಿಸಲಿಕ್ಕೆ ರಕ್ತಕ್ಕೆ ನ್ಯೂ ಮಿಥಿಲೀನ್ ಬ್ಲೂ ಸೇರಿಸಿ, ಒಂದು ಹದಿನೈದು ನಿಮಿಷ 37 ಡಿಗ್ರಿಯಲ್ಲಿಟ್ಟು, ಸ್ಮಿಯರ್ ಎಳೀತೇವೆ. ಹಳೇ ಕೆಂಪು ಕಣ ಮಂಕು ಹಸಿರು ನೀಲಿ ಬಿಲ್ಲೆಯ ಹಾಗೆ ಕಾಣ್ತದೆ. ಹೊಸ ಕಣದೊಳಗೆ ಮಾತ್ರ ಕಡು ನೀಲಿ ಬಲೆ, ಹರಿದ ಮೀನು ಬಲೆಯ ಚೂರು ಬಿದ್ದ ಹಾಗೆ. ಮೊದಲು ಅದು ನ್ಯೂಕ್ಲಿಯಸ್ಸಿನ ಚೂರು ಅಂದುಕೊಂಡಿದ್ದೆ. ಅಲ್ಲವಂತೆ, ಅದು ರೈಬೋಸೋಮಿನ ಆರ್‌ಎನ್‌ಎ. ನ್ಯೂಕ್ಲಿಯಸ್ ಆಗಲೇ ಹೊರಗೆ ಹೋಗಿರ್ತದೆ. ಹಾಗಾದರೆ ಡಿಎನ್‌ಎ ಇಲ್ಲದ ಕಣದಲ್ಲಿ ರೈಬೋಸೋಮ್ ಎಂತ ಮಾಡ್ತದೆ?

ಪೈಪೆಟ್
ಇದು ಪ್ರಶ್ನೆ ಅಂದರೆ! ಅಕ್ಕಾ, ಅಲ್ಲಿ ಹಿಮೋಗ್ಲೋಬಿನ್ ಕೆಲಸ ಇನ್ನೂ ನಡೀತಾ ಇರ್ತದೆ. ಟ್ರಾನ್ಸ್‌ಕ್ರಿಪ್ಷನ್ ನಿಂತಾಗಿದೆ, ಡಿಎನ್‌ಎಯೇ ಇಲ್ಲವಲ್ಲ. ಆದರೆ ಮೊದಲೇ ಮಾಡಿಟ್ಟ ಗ್ಲೋಬಿನ್ ಎಂಆರ್‌ಎನ್‌ಎ ಬಹಳ ಗಟ್ಟಿ, ಬೇಗ ಹಾಳಾಗುವುದಿಲ್ಲ. ಅದನ್ನು ರೈಬೋಸೋಮ್‌ಗಳು ಮತ್ತೆ ಮತ್ತೆ ಓದುತ್ತಾ ಇರ್ತವೆ. ಒಂದೆರಡು ದಿನದಲ್ಲಿ ರೈಬೋಸೋಮೂ ಹೋಗ್ತದೆ, ಬಲೆ ಮಾಯ, ಆಮೇಲೆ ಆ ಕಣ ಹೊಸ ಪ್ರೋಟೀನ್ ಮಾಡುವುದಿಲ್ಲ.

ಕಾಪು ಕಡಲು, ಎರಡೂ ಹಂತ ಬೇರೆ ಬೇರೆ ಅಂತ ಬರೆಯಬೇಕಾದಾಗ ಈ ಉದಾಹರಣೆ ಹಾಕು.

ಕಾಪು ಕಡಲು
ಹಾಕ್ತೇನೆ ಅಣ್ಣ. ಇನ್ನೊಂದು ಡೌಟು. ಸಿಕಲ್ ಸೆಲ್‌ನಲ್ಲಿ ಆರನೇ ಅಮೈನೋ ಆಸಿಡ್ ಬದಲಾಗ್ತದೆ ಅಂತ ಓದಿದ್ದೇನೆ. GAG ಇದ್ದದ್ದು GTG ಆಗಿ, ಗ್ಲುಟಾಮಿಕ್ ಆಸಿಡ್ ಬದಲು ವ್ಯಾಲಿನ್. ಆದರೆ ಮೇಲಿನ ಸಾಲಿನಲ್ಲಿ ಎಣಿಸಿದರೆ ಮೊದಲ GAG ಏಳನೆಯದು. ಪುಸ್ತಕ ತಪ್ಪಾ?

ಪೈಪೆಟ್
ಎರಡೂ ಸರಿ. ರೈಬೋಸೋಮ್ ಮೆಥಿಯೊನಿನ್‌ನಿಂದಲೇ ಶುರು ಮಾಡ್ತದೆ, ಆದರೆ ಗ್ಲೋಬಿನ್ ತಯಾರಾಗುತ್ತಿರುವಾಗಲೇ ಒಂದು ಕಿಣ್ವ ಬಂದು ಆ ಮೆಥಿಯೊನಿನ್ ತೆಗೀತದೆ. ರಕ್ತದಲ್ಲಿರುವ ಪ್ರೋಟೀನ್ ವ್ಯಾಲಿನ್‌ನಿಂದ ಶುರು. ಮೊದಲು ಪ್ರೋಟೀನನ್ನೇ ಓದಿ ಎಣಿಸಿದರು, ಆರು ಬಂತು. ಈಗ ಜೀನಿನಿಂದ ಎಣಿಸುತ್ತಾರೆ, ಏಳು. ರಿಪೋರ್ಟಿನಲ್ಲಿ `c.20A>T`, `p.Glu7Val` ಅಂತ ಇರ್ತದೆ.

ನಿವೃತ್ತ ಮೇಷ್ಟ್ರು
ಪರೀಕ್ಷೆಯಲ್ಲಿ ಆರು ಅಂತಲೇ ಬರೆಯಬೇಕು. ಎಲ್ಲ ಪಠ್ಯದಲ್ಲೂ ಆರೇ ಇದೆ.

ಪೈಪೆಟ್
ಸರ್, ಇದಕ್ಕೆ ನಾನು ಒಪ್ಪುವುದಿಲ್ಲ. ಎರಡನ್ನೂ ಬರೆದು ಯಾಕೆ ಅಂತ ಒಂದು ಸಾಲು ಹಾಕಿದರೆ ಯಾರು ಅಂಕ ಕಡಿಮೆ ಮಾಡ್ತಾರೆ?

ನಿವೃತ್ತ ಮೇಷ್ಟ್ರು
ನೀವು ಉತ್ತರ ಪತ್ರಿಕೆ ತಿದ್ದಿಲ್ಲ, ಅದಕ್ಕೆ ಹೀಗೆ ಹೇಳ್ತೀರಿ.

ಬಯೋ ಹುಡುಗ
ಒಂದು ಕೇಳ್ಲಾ? GUG ಎದುರು ವ್ಯಾಲಿನ್ ಬಂದು ಕೂತಾಗ, ಇದು ಇಲ್ಲಿಗೆ ಸರಿಯಾದ ಅಮೈನೋ ಆಸಿಡ್ ಹೌದಾ ಅಂತ ರೈಬೋಸೋಮ್ ಚೆಕ್ ಮಾಡ್ತದಲ್ಲ? ಹಾಗಾದರೆ ಸಿಕಲ್ ಸೆಲ್‌ನಲ್ಲಿ ಯಾಕೆ ಹಿಡಿಯಲಿಲ್ಲ?

ಪೈಪೆಟ್
ರೈಬೋಸೋಮ್ ಅಮೈನೋ ಆಸಿಡ್‌ನ ಮುಖ ನೋಡುವುದೇ ಇಲ್ಲ ಅಂದರೂ ನಡೀತದೆ. ಅದು ನೋಡುವುದು ಕೋಡಾನ್ ಮತ್ತು ಟಿಆರ್‌ಎನ್‌ಎಯ ಆಂಟಿಕೋಡಾನ್ ಜೋಡಿ ಆಗ್ತದಾ ಅಂತ. ಸಿಕಲ್ ಸೆಲ್‌ನಲ್ಲಿ ರೈಬೋಸೋಮಿನ ತಪ್ಪೇನೂ ಇಲ್ಲ. ಎಂಆರ್‌ಎನ್‌ಎಯಲ್ಲೇ GUG ಅಂತ ಇದೆ, ಅದು ನಿಯತ್ತಿನಿಂದ ವ್ಯಾಲಿನ್ ಹಾಕಿತು.

ಇದನ್ನು 1962ರಲ್ಲಿ ಷಾಪ್ವಿಲ್ ಮತ್ತು ಜೊತೆಯವರು ತುಂಬಾ ಚೆಂದವಾಗಿ ತೋರಿಸಿದ್ದಾರೆ. ಸಿಸ್ಟೀನ್ ಹೊತ್ತ ಟಿಆರ್‌ಎನ್‌ಎ ತೆಗೆದುಕೊಂಡರು. ಸಿಸ್ಟೀನಿಗೂ ಅಲನಿನ್‌ಗೂ ಇರುವ ವ್ಯತ್ಯಾಸ ಒಂದು ಗಂಧಕ. ನಿಕಲ್ ಬಳಸಿ ಆ ಗಂಧಕವನ್ನು ಕಿತ್ತರು. ಈಗ ಟಿಆರ್‌ಎನ್‌ಎ ಸಿಸ್ಟೀನಿನದ್ದು, ಮೇಲೆ ಕೂತಿರುವುದು ಅಲನಿನ್. ಇದನ್ನು ರೈಬೋಸೋಮಿಗೆ ಕೊಟ್ಟಾಗ ಸಿಸ್ಟೀನ್ ಬರಬೇಕಾದ ಜಾಗಕ್ಕೆಲ್ಲ ಅಲನಿನ್ ಬಂದು ಕೂತಿತು. ಬಸ್ಸಿನ ಕಂಡಕ್ಟರ್ ಪಾಸ್ ನೋಡ್ತಾನೆ, ಪಾಸಿನ ಫೋಟೋ ನೋಡುವುದಿಲ್ಲ, ಹಾಗೆ.

ಫೋಟೋ ನೋಡುವವರು ಬೇರೆ ಇದ್ದಾರೆ. ಯಾವ ಟಿಆರ್‌ಎನ್‌ಎಗೆ ಯಾವ ಅಮೈನೋ ಆಸಿಡ್ ಅಂತ ಜೋಡಿಸುವ ಸಿಂಥೆಟೇಸ್ ಕಿಣ್ವಗಳು. ಭಟ್ರಿಗೆ ನಾನು ಹೇಳಿದ ನಿಘಂಟು ನಿಜವಾಗಿ ಅಲ್ಲಿದೆ. ಅಲ್ಲಿ ತಪ್ಪಿದರೆ ಮುಂದೆ ರೈಬೋಸೋಮ್ ಹೆಚ್ಚಾಗಿ ಹಿಡಿಯುವುದಿಲ್ಲ.

ಹಂಚಿನ ಮನೆ
ನಮ್ಮ ರೂಟಿನ ಕಂಡಕ್ಟರ್ ಪಾಸೂ ನೋಡುವುದಿಲ್ಲ.

ಕಾಪು ಕಡಲು
ನಿನ್ನೆ ಮೇಡಂ ಹತ್ತಿರ ಕೇಳಿದೆ. ಪ್ರಶ್ನೆಯಲ್ಲಿ ಯಾವ ಎಳೆ ಅಂತ ಬರೆದಿರಲಿಲ್ಲವಲ್ಲ ಅಂತ. 5' ಇಂದ 3' ಬರೆದು ಜೀನ್ ಅಂದರೆ ಕೋಡಿಂಗ್ ಅಂತಲೇ ಅರ್ಥ ಅಂದರು. ಅಂಕ ಕೊಡಲಿಲ್ಲ.

ಪೈಪೆಟ್
ರೂಢಿ ಹಾಗೆಯೇ ಉಂಟು. ಆದರೂ ಪ್ರಶ್ನೆಯಲ್ಲಿ ಒಂದು ಪದ ಹಾಕಿದ್ದರೆ ಅವರ ಶಾಯಿ ಮುಗೀತಿತ್ತಾ?

ನಿವೃತ್ತ ಮೇಷ್ಟ್ರು
ಅದು ಬಿಡಿ. ಮಗಾ, ಈಗ ಇದನ್ನು ಮಾಡು. ಅದೇ ಜೀನಿನ ಕೊನೆಯ ತುಂಡು, ಬ್ರೌಸರ್ ತೋರಿಸುವ ಪ್ಲಸ್ ಎಳೆ:

```
5'-TTAGTGATACTTGTGGGCCAG-3'
```

ಎಂಆರ್‌ಎನ್‌ಎ, ಅಮೈನೋ ಆಸಿಡ್, ಟಿಆರ್‌ಎನ್‌ಎ ಎಷ್ಟು ಬೇಕು, ಎಲ್ಲ ಬರೆ.

ಕಾಪು ಕಡಲು
ಜೀನು ಮೈನಸ್ ಎಳೆಯಲ್ಲಿದೆ, ಹಾಗಾಗಿ ಇಲ್ಲಿ ಕೊಟ್ಟದ್ದೇ ಟೆಂಪ್ಲೇಟ್. ಈ ಸಲ ಜೋಡಿ ಹಾಕಬೇಕು, ಬಲದ ತುದಿಯಿಂದ.

```
5'-CUG GCC CAC AAG UAU CAC UAA-3'
```

ಲ್ಯೂಸಿನ್, ಅಲನಿನ್, ಹಿಸ್ಟಿಡಿನ್, ಲೈಸಿನ್, ಟೈರೋಸಿನ್, ಹಿಸ್ಟಿಡಿನ್, ಸ್ಟಾಪ್. ಕೋಡಾನ್ ಏಳು, ಹಾಗಾಗಿ ಏಳು ಸಲ ಟಿಆರ್‌ಎನ್‌ಎ ಬರಬೇಕು.

ನಿವೃತ್ತ ಮೇಷ್ಟ್ರು
ಎಳೆ ಸರಿ, ದಿಕ್ಕು ಸರಿ, ಸಾಲು ಸರಿ. ಟಿಆರ್‌ಎನ್‌ಎ ಆರೇ ಸಲ. UAAಗೆ ಟಿಆರ್‌ಎನ್‌ಎ ಇಲ್ಲ. ಅಲ್ಲಿಗೆ ಬರುವುದು ರಿಲೀಸ್ ಫ್ಯಾಕ್ಟರ್ ಅನ್ನುವ ಪ್ರೋಟೀನ್. ಅದು ಟಿಆರ್‌ಎನ್‌ಎಯ ಜಾಗದಲ್ಲೇ ಬಂದು ಕೂರುತ್ತದೆ. ಅದರ ಹತ್ತಿರ ಅಮೈನೋ ಆಸಿಡ್ ಇಲ್ಲ, ಹಾಗಾಗಿ ಸರಪಳಿಗೆ ನೀರು ಸೇರಿಸಿ ಕಡಿದು ಬಿಡಿಸುತ್ತದೆ.

ಕಾಪು ಕಡಲು
ಛೇ, ಅಲ್ಲೊಂದು ಅಂಕ ಹೋಯಿತು.

ಮಲ್ಪೆಯ ಅಮ್ಮ
ಹುಡುಗನ ಮನೆಯವರು ಟೆಸ್ಟಿಗೆ ಒಪ್ಪಿದ್ದಾರೆ ಸರ್. ಸೋಮವಾರ ರಕ್ತ ಕೊಡ್ತಾರಂತೆ.